ಡಬ್ಬಿಯ ಪ್ರೋಟೀನ್‌ಗಿಂತ ಶೇಂಗಾ ಹಿಂಡಿಯೇ ಗಟ್ಟಿ!

ಧರೂರು: ಜುರಾಲಾ ಜಲಾಶಯದ ಆಸುಪಾಸಿನ ಈ ಭಾಗದಲ್ಲಿ ಹೊಲದಲ್ಲಿ ಶೇಂಗಾ, ಮನೆಯಲ್ಲಿ ಜೋಳದ ರೊಟ್ಟಿ, ತೊಗರಿ ಬ್ಯಾಳಿ. ಆದರೂ ಗದ್ವಾಲ, ರಾಯಚೂರಿಗೆ ಹೋದವರ ಕೈಚೀಲದಲ್ಲಿ ಈಗ ಪ್ರೋಟೀನ್ ಪುಡಿಯ ಡಬ್ಬಿ, ಮಲ್ಟಿ ವಿಟಮಿನ್ ಗುಳಿಗೆಯ ಪಟ್ಟಿ ಮನೆಗೆ ಬರುತ್ತಿವೆ. ಜಿಮ್‌ಗೆ ಹೋಗುವ ಮಗನಿಗೆ ಒಂದು, ಸುಸ್ತು ಅನ್ನುವ ಅಪ್ಪನಿಗೆ ಒಂದು. ‘ಕುಡಿದ್ರ ಶಕ್ತಿ ಬರ್ತದ’ ಎಂಬುದೇ ನಂಬಿಕೆ. ಗಟ್ಟಿಮುಟ್ಟಾದ ವಯಸ್ಕರಿಗೆ ಇವು ನಿಜಕ್ಕೂ ಬೇಕೇ?

ಹೈದರಾಬಾದ್‌ನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ಮೈಕಟ್ಟು ಬೆಳೆಸಲೆಂದು ಪ್ರೋಟೀನ್ ಪುಡಿ ತಿನ್ನುವುದು ಬೇಡ ಎಂಬುದು ಅದರ ಸ್ಪಷ್ಟ ಸಲಹೆ. ಪುಡಿಯಲ್ಲಿ ಸಕ್ಕರೆ, ಕೃತಕ ಸಿಹಿ ಹಾಗೂ ಸುವಾಸನೆ ಬೆರೆತಿರಬಹುದು, ಆದ್ದರಿಂದ ನಿತ್ಯ ಬಳಕೆಗೆ ಅದು ಸಲ್ಲದು ಎಂಬುದು ಅಲ್ಲಿರುವ ಕಾರಣ.

ಎಷ್ಟು ಬೇಕು, ಎಷ್ಟು ಸಿಗುತ್ತದೆ?

ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಎಂಬುದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. 60 ಕಿಲೋ ತೂಕದ ರೈತನಿಗೆ ಅದು ದಿನಕ್ಕೆ 50 ಗ್ರಾಂ.

ಈಗ ಆತನ ತಾಟಿನ ಲೆಕ್ಕ ಹಾಕಿ ನೋಡಿ. ದಿನಕ್ಕೆ 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ ಸುಮಾರು 20 ಗ್ರಾಂ, 150 ಗ್ರಾಂ ಅಕ್ಕಿಯ ಅನ್ನದಿಂದ 12, 50 ಗ್ರಾಂ ತೊಗರಿ ಬ್ಯಾಳಿಯಿಂದ 11, ಒಂದು ಹಿಡಿ ಅಂದರೆ 30 ಗ್ರಾಂ ಶೇಂಗಾದಿಂದ 7, ಒಂದು ಬಟ್ಟಲು ಮೊಸರಿನಿಂದ 6 ಗ್ರಾಂ. ಒಟ್ಟು 56 ಗ್ರಾಂ. ಡಬ್ಬಿ ತೆರೆಯದೆಯೇ ಲೆಕ್ಕ ಮುಗಿಯಿತು. ಜೋಳ, ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಬ್ಯಾಳಿಯಲ್ಲಿ ಧಾರಾಳವಾಗಿರುವುದರಿಂದ ಎರಡೂ ಸೇರಿದಾಗ ಪ್ರೋಟೀನಿನ ಗುಣಮಟ್ಟವೂ ಏರುತ್ತದೆ.

ಹಾಗೆಂದು ಎಲ್ಲರ ತಾಟೂ ಹೀಗಿಲ್ಲ. ಬ್ಯಾಳಿ ತಿಳಿಸಾರಾಗಿ 15 ಗ್ರಾಂಗೆ ಇಳಿದು, ಶೇಂಗಾ ಮಾರುಕಟ್ಟೆಗೆ, ಹಾಲು ಡೇರಿಗೆ ಹೋದರೆ ಅದೇ ರೈತನಿಗೆ ಸಿಗುವುದು 35 ಗ್ರಾಂ ಮಾತ್ರ. ಕೊರತೆ ಹುಟ್ಟುವುದು ಇಲ್ಲಿ. ಇದಕ್ಕೆ ಮದ್ದು ಡಬ್ಬಿಯಲ್ಲ. ಸಾರಿನಲ್ಲಿ ಬ್ಯಾಳಿ ಗಟ್ಟಿ ಮಾಡುವುದು, ರೊಟ್ಟಿ ಜೊತೆ ಶೇಂಗಾ ಹಿಂಡಿ ಹಚ್ಚಿಕೊಳ್ಳುವುದು, ತಿನ್ನುವವರಾದರೆ ದಿನಕ್ಕೊಂದು ತತ್ತಿ. ಒಂದು ತತ್ತಿಯಲ್ಲಿ 6 ಗ್ರಾಂ ಪ್ರೋಟೀನ್ ಇರುತ್ತದೆ.

ಜಿಮ್‌ನಲ್ಲಿ ಭಾರ ಎತ್ತುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ನಿಜ. ಅದನ್ನೂ ಬ್ಯಾಳಿ, ಹಾಲು, ತತ್ತಿ, ಮೀನಿನಿಂದಲೇ ತುಂಬಿಕೊಳ್ಳಬಹುದು. ವ್ಯಾಯಾಮವಿಲ್ಲದೆ ಬರೀ ಪುಡಿ ಕುಡಿದರೆ ಮಾಂಸಖಂಡ ಬೆಳೆಯುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗಂತೂ ಹೆಚ್ಚಿನ ಪ್ರೋಟೀನ್ ಹೊರೆಯಾಗುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಇರುವ ಹಲವರಿಗೆ ಆ ತೊಂದರೆ ಶುರುವಾದದ್ದೇ ಗೊತ್ತಿರುವುದಿಲ್ಲ. ಅಂಥವರು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದೆ ಡಬ್ಬಿ ಮುಟ್ಟಬಾರದು.

ಡಬ್ಬಿಯ ಹಿಂಬದಿ ಓದಿ

ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕೆಂಬುದು ನಿಯಮ. ಕನ್ನಡ, ತೆಲುಗು ಬಲ್ಲವರು ಮುಂಬದಿಯ ಚಿತ್ರ ನೋಡಿ ಕೊಂಡು ತರುತ್ತಾರೆ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಹಿಂಬದಿಯ ಕೋಷ್ಟಕ ಓದಿಸಬೇಕು.

ಮೊದಲು ನೋಡಬೇಕಾದದ್ದು 100 ಗ್ರಾಂ ಪುಡಿಯಲ್ಲಿ ಪ್ರೋಟೀನ್ ಎಷ್ಟು ಎಂಬುದು. ಔಷಧಿ ಅಂಗಡಿಯ ಒಂದು ಡಬ್ಬಿಯ ಮೇಲೆ ‘34 ಗ್ರಾಂ’ ಎಂದಿದೆ ಎಂದುಕೊಳ್ಳಿ. ಒಮ್ಮೆಗೆ ಕುಡಿಯುವ ಪುಡಿ 30 ಗ್ರಾಂ ಆದರೆ ದೊರೆಯುವ ಪ್ರೋಟೀನ್ ಬರೀ 10 ಗ್ರಾಂ. ಒಂದೂವರೆ ಹಿಡಿ ಶೇಂಗಾದಲ್ಲಿ ಅಷ್ಟೇ ಇರುತ್ತದೆ. ಉಳಿದ 20 ಗ್ರಾಂ ಏನು? ಉತ್ತರ ಪದಾರ್ಥಗಳ ಪಟ್ಟಿಯಲ್ಲಿದೆ. ಹೆಚ್ಚು ಇರುವುದನ್ನು ಮೊದಲು ಬರೆಯಬೇಕು ಎಂಬುದು ಕಾನೂನು. ಸಕ್ಕರೆ ಅಥವಾ ಮಾಲ್ಟೊಡೆಕ್ಸ್ಟ್ರಿನ್ ಮೊದಲ ಎರಡು ಮೂರು ಹೆಸರಿನಲ್ಲೇ ಇದ್ದರೆ ಕೊಂಡದ್ದು ಪ್ರೋಟೀನ್‌ಗಿಂತ ಹೆಚ್ಚಾಗಿ ಸಿಹಿ ಹಿಟ್ಟು. ಸಕ್ಕರೆ ಕಾಯಿಲೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಜಿಮ್ ಪುಡಿಗಳಲ್ಲಿ ಇನ್ನೊಂದು ಚಾಲಾಕಿ ಉಂಟು. ಪ್ರೋಟೀನನ್ನು ಸಾಮಾನ್ಯವಾಗಿ ಅಳೆಯುವುದು ಅದರಲ್ಲಿನ ಸಾರಜನಕವನ್ನು ಎಣಿಸಿ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ವಸ್ತು ಬೆರೆಸಿದರೆ ಸಾರಜನಕ ಏರುತ್ತದೆ, ಕಾಗದದ ಮೇಲೆ ಪ್ರೋಟೀನ್ ಹೆಚ್ಚಾಗಿ ಕಾಣುತ್ತದೆ. ದೇಹಕ್ಕೆ ಬೇಕಾದ ಪ್ರೋಟೀನ್ ಮಾತ್ರ ಇರುವುದಿಲ್ಲ. ಪಟ್ಟಿಯಲ್ಲಿ ಈ ಹೆಸರುಗಳಿದ್ದರೆ, ಅಥವಾ ಯಾವುದು ಎಷ್ಟೆಂದು ಹೇಳದೆ ಬರೀ ‘ಬ್ಲೆಂಡ್’ ಎಂದಿದ್ದರೆ ದೂರ ಇಡುವುದು ಲೇಸು. ಕೇರಳದ ವೈದ್ಯರ ತಂಡವೊಂದು ದೇಶದಲ್ಲಿ ಮಾರಾಟವಾಗುವ 36 ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಶೇ 70ರಷ್ಟು ಉತ್ಪನ್ನಗಳ ಲೇಬಲ್‌ನ ಪ್ರೋಟೀನ್ ಲೆಕ್ಕ ಸರಿ ಇರಲಿಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಲೇಬೇಕು. ಸಂಖ್ಯೆ ಅಸಲಿಯೋ ಅಲ್ಲವೋ ಎಂಬುದನ್ನು foscos.fssai.gov.in ತಾಣದಲ್ಲಿ ಹಾಕಿ ನೋಡಬಹುದು. ಬಿಡಿ ಕವರ್‌ನಲ್ಲಿ ಕಟ್ಟಿಕೊಡುವ ಪುಡಿ ಎಷ್ಟೇ ಅಗ್ಗವಾದರೂ ಬ್ಯಾಡ.

ಗುಳಿಗೆಯ ಮಾತು

ಮಲ್ಟಿ ವಿಟಮಿನ್ ನುಂಗಿದರೆ ಹೃದಯಾಘಾತ, ಕ್ಯಾನ್ಸರ್ ದೂರವಾಗುತ್ತವೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ತಿಳಿಸಿದೆ. ಬೀಟಾ ಕ್ಯಾರೋಟಿನ್ ಗುಳಿಗೆಯಂತೂ ಬೇಡವೇ ಬೇಡ ಎಂದಿದೆ. ಫಿನ್ಲೆಂಡ್‌ನಲ್ಲಿ ಧೂಮಪಾನಿಗಳಿಗೆ ಅದನ್ನು ಕೊಟ್ಟು ನಡೆಸಿದ ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಿತು. ಬೀಡಿ ಸೇದುವವರು ಇದನ್ನು ನೆನಪಿಡಬೇಕು.

ಒಂದೇ ವಿಟಮಿನ್ ಎರಡು ಮೂರು ಕಡೆಯಿಂದ ಬಂದು ಅತಿಯಾಗುವುದು ಮತ್ತೊಂದು ತೊಡಕು. ಪ್ರೋಟೀನ್ ಡಬ್ಬಿಯಲ್ಲೇ ವಿಟಮಿನ್ ಇರುತ್ತದೆ, ಮೇಲೆ ಗುಳಿಗೆ, ಕೂದಲು ಉದುರುತ್ತದೆಂದು ಇನ್ನೊಂದು. ಹೆಚ್ಚಾದ ‘ಎ’ ವಿಟಮಿನ್ ಮೂತ್ರದಲ್ಲಿ ಹೋಗದೆ ಪಿತ್ತಜನಕಾಂಗದಲ್ಲಿ ಕೂಡಿಕೊಳ್ಳುತ್ತದೆ. ಗರ್ಭಿಣಿಯರಲ್ಲಿ ಮಗುವಿಗೆ ಅಪಾಯ. ಕೂದಲಿನ ಗುಳಿಗೆಯ ಬಯೋಟಿನ್ ಥೈರಾಯ್ಡ್ ಹಾಗೂ ಹೃದಯಾಘಾತದ ರಕ್ತಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ರಕ್ತ ಕೊಡುವ ಮುನ್ನ ಆ ಗುಳಿಗೆಯ ವಿಷಯ ವೈದ್ಯರಿಗೆ ಹೇಳಬೇಕು. ಲೇಬಲ್‌ನಲ್ಲಿ ದಿನದ ಅಗತ್ಯದ ಶೇಕಡಾವಾರು ಬರೆದಿರುತ್ತಾರೆ. ತಿನ್ನುವ ಎಲ್ಲ ಉತ್ಪನ್ನಗಳದ್ದನ್ನೂ ಕೂಡಿಸಿ ನೋಡಿದರೆ ಅತಿಯಾದದ್ದು ತಿಳಿಯುತ್ತದೆ.

ಗುಳಿಗೆ ಯಾರಿಗೂ ಬೇಡ ಅಂತಲ್ಲ. ಗರ್ಭಿಣಿಯರು ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣ, ಫೋಲಿಕ್ ಆಸಿಡ್ ಗುಳಿಗೆಯನ್ನು ತಪ್ಪದೆ ನುಂಗಬೇಕು. ಹಾಲು, ಮೊಸರೂ ಕಡಿಮೆ ಇರುವ ಸಸ್ಯಾಹಾರಿಗಳಿಗೆ ಬಿ12 ಕೊರತೆಯಾಗಬಹುದು. ಕೈಕಾಲು ಜೋಮು, ಬಿಡದ ಸುಸ್ತು ಇದ್ದರೆ ರಕ್ತಪರೀಕ್ಷೆ ಮಾಡಿಸಿ, ಕೊರತೆಯಿರುವ ಒಂದನ್ನೇ ತೆಗೆದುಕೊಳ್ಳುವುದು ಸರಿಯಾದ ದಾರಿ. ಹಲವು ವಿಟಮಿನ್ ಸೇರಿಸಿದ ಗುಳಿಗೆಯಲ್ಲಿ ಬೇಕಾದದ್ದು ಬೇಕಾದಷ್ಟು ಇರುವುದಿಲ್ಲ.

ಆರೋಗ್ಯ ಪೂರಕಗಳ ಡಬ್ಬಿಯ ಮೇಲೆ ‘ಔಷಧಿಯಾಗಿ ಬಳಸುವಂತಿಲ್ಲ’ ಎಂದು ಕಂಪನಿಯವರೇ ಅಚ್ಚು ಹಾಕಿಸಬೇಕು. 2016ರ ನಿಯಮ ಹಾಗೆ ಹೇಳುತ್ತದೆ. ‘ಸುಸ್ತಿಗೆ ಮದ್ದು’ ಎಂದು ಡಬ್ಬಿ ಕೈಗಿಡುವ ಅಂಗಡಿಯಾತನಿಗೆ ಆ ಸಾಲನ್ನು ತೋರಿಸಿ ಕೇಳಬಹುದು: ‘ಮದ್ದಲ್ಲ ಅಂತ ಇಲ್ಲೇ ಬರ್ದಾರಲ್ರೀ?’