ಷೇರು ಗಳಿಕೆ ಏಕೆ ಎರಡು?

ಫಲಿತಾಂಶದ ಪಟ್ಟಿಯಲ್ಲಿ ಪ್ರತಿ ಷೇರಿನ ಗಳಿಕೆ ಎರಡು ಸಾಲಿನಲ್ಲಿರುತ್ತದೆ: ಮೂಲ ಮತ್ತು ಡೈಲ್ಯೂಟೆಡ್. ಭಾರತದಲ್ಲಿ ಇದಕ್ಕೆ ಇಂಡ್ ಎಎಸ್ 33 ಆಧಾರ.

ಒಂದು ಕಾಲ್ಪನಿಕ ಕಂಪನಿಯ ಲಾಭ 10 ಕೋಟಿ ರೂಪಾಯಿ, ಷೇರು 1 ಕೋಟಿ. ಮೂಲ ಗಳಿಕೆ 10 ರೂಪಾಯಿ. 60 ರೂಪಾಯಿಗೆ ಷೇರು ಕೊಳ್ಳುವ 10 ಲಕ್ಷ ಆಪ್ಷನ್‌ಗಳಿವೆ; ವರ್ಷದ ಸರಾಸರಿ ಪೇಟೆ ಬೆಲೆ 100. ಬರುವ 6 ಕೋಟಿಯಲ್ಲಿ 6 ಲಕ್ಷ ಷೇರು ಮರುಖರೀದಿಸಬಹುದೆಂದು ಟ್ರೆಷರಿ ಸ್ಟಾಕ್ ವಿಧಾನ ಊಹಿಸುತ್ತದೆ. ಹೆಚ್ಚುವುದು 4 ಲಕ್ಷ ಮಾತ್ರ, ಗಳಿಕೆ 9.62. ವಾರಂಟಿಗೂ ಇದೇ ಲೆಕ್ಕ.

ಬಾಂಡಿಗೆ ‘ಪರಿವರ್ತನೆಯಾಗಿದ್ದರೆ’ ಎಂಬ ವಿಧಾನ. 10 ಲಕ್ಷ ಷೇರಾಗಬಲ್ಲ ಬಾಂಡಿನ ತೆರಿಗೆ ಕಳೆದ ಬಡ್ಡಿ 60 ಲಕ್ಷವಾದರೆ ಅದನ್ನು ಲಾಭಕ್ಕೆ ಕೂಡಿಸಬೇಕು: 10.60 ಕೋಟಿಯನ್ನು 1.14 ಕೋಟಿಯಿಂದ ಭಾಗಿಸಿದರೆ 9.30.

ಅದೇ ಬಾಂಡ್ 5 ಲಕ್ಷ ಷೇರಷ್ಟೇ ಆಗುವಂತಿದ್ದರೆ? ಉಳಿಯುವ ಬಡ್ಡಿ ಹೊಸ ಷೇರಿಗೆ 12 ರೂಪಾಯಿ, ಗಳಿಕೆ ಏರಿಬಿಡುತ್ತದೆ. ಆಗ ಬಾಂಡನ್ನು ಲೆಕ್ಕದಿಂದ ಬಿಡಲೇಬೇಕು.