ಅಂಕಿ ಬೇರೆ, ಪಾದ ಒಂದೇ

ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ ಖರೀದಿಸುವ ಹೊಣೆ ಶಾಲಾಭಿವೃದ್ಧಿ ಸಮಿತಿಯದು. ದೇವದುರ್ಗ ತಾಲ್ಲೂಕಿನ ಶಾಲೆಯೊಂದಕ್ಕೆ ನಾನು ಹೋದಾಗ ಸಮಿತಿಯವರ ಮುಂದೆ ಎರಡು ದರಪಟ್ಟಿಗಳಿದ್ದವು. ರಾಯಚೂರಿನ ಅಂಗಡಿಯದರಲ್ಲಿ 1, 2, 3 ಎಂಬ ಅಂಕಿಗಳು; ಮಾನ್ವಿಯಿಂದ ತಂದ ಮಾದರಿಯಲ್ಲಿ 33, 34, 35. ಎರಡನ್ನೂ ಹೋಲಿಸುವುದು ಹೇಗೆಂದು ಅವರು ಕೇಳಿದರು.

ಮೊದಲನೆಯದು ಬ್ರಿಟಿಷ್ ಕ್ರಮ. ಒಂದು ಅಂಕಿಗೂ ಮುಂದಿನದಕ್ಕೂ ಅಂತರ ಇಂಚಿನ ಮೂರನೆಯ ಒಂದು ಭಾಗ, ಅಂದರೆ 8.47 ಮಿಲಿಮೀಟರ್. ಹಿಂದೆ ಇದನ್ನು ಬಾರ್ಲಿ ಕಾಳಿನ ಉದ್ದವೆಂದು ಎಣಿಸುತ್ತಿದ್ದರು. ಮಕ್ಕಳ ಅಂಕಿ 13ರವರೆಗೆ ಏರಿ ಮತ್ತೆ 1ರಿಂದ ಆರಂಭವಾಗುವುದರಿಂದ, ಕೂಸಿನ ಶೂಗೂ ಆರನೇ ತರಗತಿಯ ಹುಡುಗನ ಶೂಗೂ ಒಂದೇ ಅಂಕಿ ಬರಬಹುದು. ಎರಡನೆಯದು ಯುರೋಪಿನ ಕ್ರಮ. ಅಲ್ಲಿನ ಹೆಜ್ಜೆ 6.67 ಮಿಲಿಮೀಟರ್. ಹೆಜ್ಜೆಗಳೇ ಬೇರೆಯಾದ್ದರಿಂದ ಅಂಕಿಯಿಂದ ಅಂಕಿಗೆ ನೇರ ಜಿಗಿತ ಸಾಧ್ಯವಿಲ್ಲ. ಪಾದದ ಉದ್ದದ ಮೂಲಕವೇ ಹಾದುಹೋಗಬೇಕು.

ಅಳೆಯುವುದು ಸುಲಭ. ಗೋಡೆಗೆ ಹಿಮ್ಮಡಿ ತಾಗಿಸಿ ಮಗುವನ್ನು ಹಾಳೆಯ ಮೇಲೆ ನಿಲ್ಲಿಸಿ, ಅತಿ ಉದ್ದದ ಬೆರಳಿನ ತುದಿಯಲ್ಲಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಗುರುತು ಹಾಕಬೇಕು. ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ. ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿಯಬೇಕು. ಕುಳಿತಾಗ ಪಾದ ಚಿಕ್ಕದಾಗಿ ಕಾಣುತ್ತದೆ. ಸಂಜೆ ಅಳೆದರೆ ಒಳಿತು.

ಒಬ್ಬ ಹುಡುಗಿಯ ಪಾದ 214 ಮಿಲಿಮೀಟರ್ ಬಂತು. ಬೆರಳಿನ ಮುಂದೆ 13 ಮಿಲಿಮೀಟರ್ ಜಾಗ ಸೇರಿಸಿದರೆ ಶೂ ಕಟ್ಟುವ ಅಚ್ಚಿನ ಉದ್ದ 227. ಇದನ್ನು 8.47ರಿಂದ ಭಾಗಿಸಿ 25 ಕಳೆದರೆ 1.8; ಮೇಲಕ್ಕೆ ತೆಗೆದುಕೊಂಡರೆ ಬ್ರಿಟಿಷ್ 2. ಅದೇ 227ನ್ನು 6.67ರಿಂದ ಭಾಗಿಸಿದರೆ 34. ಹೀಗೆ ರಾಯಚೂರಿನ 2, ಮಾನ್ವಿಯ 34 ಆ ಮಗುವಿನ ಕಾಲಿಗೆ ಬಹುತೇಕ ಸಮ.

ಎಡವುವುದು ಇಲ್ಲಿಯೇ. ಕೆಲವು ಕೋಷ್ಟಕಗಳು ಪಾದದ ಉದ್ದವನ್ನು ಕೊಡುತ್ತವೆ, ಕೆಲವು ಅಚ್ಚಿನ ಉದ್ದವನ್ನು. ಪಾದದ 214ನ್ನು ಅಚ್ಚಿನ ಸಾಲಿನಲ್ಲಿ ಹುಡುಕಿದರೆ 2ರ ಬದಲು ಅರ್ಧ ಅಂಕಿ ಸಿಗುತ್ತದೆ. ಶೂ ಒಂದೂವರೆ ಅಂಕಿ ಚಿಕ್ಕದಾಗುತ್ತದೆ. ಪೆಟ್ಟಿಗೆಯ ಮೇಲೆ 215 ಎಂದಿದ್ದರೆ ಅದು ಸಾಮಾನ್ಯವಾಗಿ ಪಾದದ ಉದ್ದವೇ. ಮತ್ತೆ 13 ಸೇರಿಸಬಾರದು. ಸಂಶಯವಿದ್ದರೆ 227 ಮಿಲಿಮೀಟರ್ ಉದ್ದದ, ಸಪೂರ ರಟ್ಟಿನ ಪಟ್ಟಿಯನ್ನು ಮಾದರಿ ಶೂ ಒಳಗೆ ತೂರಿಸಿ ನೋಡಲಿ. ಅದು ಬಾಗದೆ ಮಲಗಿದರೆ ಸರಿ.

ಉದ್ದ ಕೂಡಿದ ಮಾತ್ರಕ್ಕೆ ಶೂ ಕೂಡದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದಗಳನ್ನು ಅಳೆದು, ಅವು ಪಾಶ್ಚಾತ್ಯರ ಪಾದಗಳಿಗಿಂತ ಅಗಲವೆಂದು ಕಂಡುಕೊಂಡಿತು. ಅಗಲ ಪಾದದ ಮಗುವಿಗೆ ಉದ್ದದ ಮುಂದಿನ ಅಂಕಿ ಕೊಟ್ಟರೆ ಬೆರಳು ಸಡಿಲವಾಗುತ್ತದೆ, ಹಿಮ್ಮಡಿ ಜಾರಿ ಗುಳ್ಳೆ ಏಳುತ್ತದೆ. ಅಂಥವರಿಗೆ ಅದೇ ಉದ್ದದಲ್ಲಿ ಅಗಲದ ಅಚ್ಚಿನ ಜೋಡಿಯನ್ನು ಕೇಳಿ ತರಿಸಬೇಕೆಂದು ಸಮಿತಿಯವರು ತಮ್ಮ ಪಟ್ಟಿಯಲ್ಲಿ ಇನ್ನೊಂದು ಸಾಲು ಹಾಕಿಕೊಂಡರು.