ಹತ್ತು ಕಲ್ಲುಗಳ ತಕ್ಕಡಿ

ರೇಷ್ಮೆ ಸಾಕುವವರಿಗೆ ಒಂದೆರಡು ಡಿಗ್ರಿ ಎಂದರೆ ಸಣ್ಣ ಮಾತಲ್ಲ. ಎರಡನೇ ಜ್ವರ ಕಳೆಯುವವರೆಗೆ ಚಾಕಿ ಹುಳುಗಳಿಗೆ 27ರಿಂದ 28 ಡಿಗ್ರಿ ಬೇಕು. ಬೆಳೆದ ಹುಳುಗಳಿಗೆ 24, 25 ಸಾಕು. ನಮ್ಮ ದೊಡ್ಡಪ್ಪನ ಚಾಕಿ ಮನೆಗೆಂದು ನಾನೊಂದು ಉಷ್ಣಮಾಪಕ ಮಾಡಿಕೊಟ್ಟಿದ್ದೆ. ಒಂದು ಆರ್ಡುಯಿನೋ ಊನೋ ಬೋರ್ಡು, ಒಂದು ಎಲ್‌ಎಂ35 ಸೆನ್ಸರ್, ಅಷ್ಟೇ. ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಸರಿಯಾಗಿಯೇ ತೋರಿಸುತ್ತಿದ್ದದ್ದು ಹಳೆಯ ಮೊಬೈಲ್ ಚಾರ್ಜರಿಗೆ ಹಾಕಿದ ಮೇಲೆ ಸುಮಾರು ಎರಡು ಡಿಗ್ರಿ ಜಾಸ್ತಿ ತೋರಿಸತೊಡಗಿತು. ಪಕ್ಕದಲ್ಲಿ ನೇತುಹಾಕಿದ್ದ ಗಾಜಿನ ಥರ್ಮಾಮೀಟರಿನಲ್ಲಿ 28 ಇದ್ದರೆ ಇದರಲ್ಲಿ 29.8. ಅದನ್ನೇ ನಂಬಿ ಕಿಟಕಿ ತೆರೆದಿದ್ದರೆ ಹುಳುಗಳಿಗೆ ಥಂಡಿ ಹೊಡೆಯುತ್ತಿತ್ತು. ಸೆನ್ಸರಿನಲ್ಲಿ ದೋಷವಿರಲಿಲ್ಲ. ಅದನ್ನು ತೂಗುವ ಕಲ್ಲುಗಳ ತೂಕವೇ ಬದಲಾಗಿತ್ತು.

ಎಲ್‌ಎಂ35 ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 28 ಡಿಗ್ರಿಗೆ 280. ಬೋರ್ಡಿನ ಚಿಪ್ ಈ ವೋಲ್ಟೇಜನ್ನು ಸಂಖ್ಯೆಯಾಗಿಸಬೇಕು. ಆ ಕೆಲಸ ಮಾಡುವ ಭಾಗವೇ ಎಡಿಸಿ. ಇದರಲ್ಲಿರುವುದು ಸಕ್ಸೆಸಿವ್ ಅಪ್ರಾಕ್ಸಿಮೇಷನ್ ಎಂಬ ಬಗೆಯದು. ತಕ್ಕಡಿಯಲ್ಲಿ ತೂಗಿದ ಹಾಗೆ ತೂಗುತ್ತದೆ. ಮೊದಲು ಸೆನ್ಸರಿನ ವೋಲ್ಟೇಜನ್ನು ಒಂದು ಪುಟ್ಟ ಕೆಪಾಸಿಟರಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ತೂಗುವಾಗ ಅಲುಗದಿರಲೆಂದು. ಆಮೇಲೆ 512, 256, 128 ಹೀಗೆ ಅರ್ಧರ್ಧ ಇಳಿಯುತ್ತ 1ರವರೆಗೆ ಇರುವ ಹತ್ತು ಕಲ್ಲುಗಳನ್ನು ಒಂದೊಂದಾಗಿ ಇಟ್ಟು ನೋಡುತ್ತದೆ. ಭಾರ ಹೆಚ್ಚಾದರೆ ಆ ಕಲ್ಲನ್ನು ತೆಗೆಯುತ್ತದೆ, ಇಲ್ಲದಿದ್ದರೆ ಅಲ್ಲೇ ಬಿಡುತ್ತದೆ. ಹತ್ತು ಸಲದಲ್ಲಿ ತೂಕ ಮುಗಿಯಿತು. ಊನೋದಲ್ಲಿ ಇಷ್ಟಕ್ಕೆ ಹಿಡಿಯುವ ಸಮಯ ಸೆಕೆಂಡಿನ ಹತ್ತುಸಾವಿರದ ಒಂದು ಭಾಗ.

ಹತ್ತು ಕಲ್ಲು ಎಂದರೆ ಹತ್ತು ಬಿಟ್, ಅಂದರೆ 1024 ಮೆಟ್ಟಿಲು. ಆದರೆ ಒಂದೊಂದು ಮೆಟ್ಟಿಲಿನ ಎತ್ತರ ಎಷ್ಟು? ಅದನ್ನು ಹೇಳುವುದು ರೆಫರೆನ್ಸ್ ವೋಲ್ಟೇಜ್. ನಾವು ಬೇರೆ ಹೇಳದಿದ್ದರೆ ಊನೋ ತನಗೆ ಬರುವ 5 ವೋಲ್ಟ್ ಸಪ್ಲೈಯನ್ನೇ ರೆಫರೆನ್ಸ್ ಮಾಡಿಕೊಳ್ಳುತ್ತದೆ. ಆಗ ಒಂದು ಮೆಟ್ಟಿಲು 4.88 ಮಿಲಿವೋಲ್ಟ್, ಹೆಚ್ಚುಕಮ್ಮಿ ಅರ್ಧ ಡಿಗ್ರಿ. 280 ಮಿಲಿವೋಲ್ಟ್ ತೂಗಲು 512, 256, 128, 64 ನಾಲ್ಕೂ ಭಾರವಾಗಿ ಆಚೆ ಹೋಗುತ್ತವೆ. 32, 16, 8, 1 ಉಳಿದು 57 ಬರುತ್ತದೆ. ಹತ್ತು ಕಲ್ಲಿದ್ದೂ ತೂಗುವ ಕೆಲಸವೆಲ್ಲ ಕೊನೆಯ ಆರರದ್ದೇ.

ನನಗೆ ಪೆಟ್ಟು ಕೊಟ್ಟದ್ದು ಇನ್ನೊಂದು ಸಂಗತಿ. ಆ ಚಾರ್ಜರಿನಲ್ಲಿ ಬೋರ್ಡಿಗೆ ಬರುತ್ತಿದ್ದದ್ದು 4.7 ವೋಲ್ಟ್. ಕಲ್ಲುಗಳು ಹಗುರಾದವು, ಅದೇ 280ಕ್ಕೆ 61 ಬಂತು. ಕೋಡ್ ಮಾತ್ರ 5 ವೋಲ್ಟ್ ಎಂದೇ ಲೆಕ್ಕ ಹಾಕಿ 29.8 ಎಂದಿತು. ಚಾರ್ಜರ್ ಬದಲಿಸಿದಾಗ ಅಂಕಿ ಜಿಗಿದರೆ ತಪ್ಪು ಇಲ್ಲೇ ಇದೆ ಎಂದು ತಿಳಿಯಿರಿ.

ಚಿಪ್ಪಿನೊಳಗೇ 1.1 ವೋಲ್ಟಿನ ಇನ್ನೊಂದು ರೆಫರೆನ್ಸ್ ಇದೆ. ಸಪ್ಲೈ ಏರಿಳಿದರೂ ಅದು ಬಹುಮಟ್ಟಿಗೆ ಅಲುಗುವುದಿಲ್ಲ. ಅದಕ್ಕೆ ಬದಲಿಸಲು ಒಂದೇ ಸಾಲು ಸಾಕು:

```
// setup() ಒಳಗೆ
analogReference(INTERNAL);

// loop() ಒಳಗೆ
int n = analogRead(A0);
float t = n * 1.1 / 1024 * 100;
```

ಈಗ ಮೆಟ್ಟಿಲು 1.07 ಮಿಲಿವೋಲ್ಟ್, ಡಿಗ್ರಿಯ ಹತ್ತನೇ ಒಂದು ಭಾಗ. ಅದೇ 280ಕ್ಕೆ 512 ಭಾರವಾಯಿತು, 256 ನಿಂತಿತು, ಕೊನೆಗೆ 4 ನಿಂತಿತು. 260, ಅಂದರೆ 27.9 ಡಿಗ್ರಿ. ರೆಫರೆನ್ಸ್ ಬದಲಿಸಿದ ಕೂಡಲೇ ಬರುವ ಮೊದಲ ಕೆಲವು ಅಂಕಿಗಳನ್ನು ಮಾತ್ರ ನಂಬಬಾರದು, ಬಿಟ್ಟುಬಿಡಿ.

ಈ 1.1 ಎಂಬುದು ಹೆಸರಿಗೆ. ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಅದು 1.0ರಿಂದ 1.2ರವರೆಗೆ ಇರಬಹುದು. 1.08 ಇದ್ದರೆ ಅರ್ಧ ಡಿಗ್ರಿ ಹೆಚ್ಚು ತೋರಿಸುತ್ತದೆ. ಹಾಗಾಗಿ ಮೇಲಿನ ಕೋಡ್ ಓಡುತ್ತಿರುವಾಗ AREF ಪಿನ್ನಿಗೆ ಮಲ್ಟಿಮೀಟರ್ ಹಿಡಿದು, ಬಂದ ಅಂಕಿಯನ್ನೇ 1.1ರ ಜಾಗದಲ್ಲಿ ಬರೆಯಿರಿ. ಆ ಪಿನ್ನಿಗೆ ಹೊರಗಿನ ವೋಲ್ಟೇಜ್ ಮಾತ್ರ ಕೊಡಬೇಡಿ, ಚಿಪ್ ಕೆಡಬಹುದು.

ಇದಕ್ಕೊಂದು ಮಿತಿಯೂ ಇದೆ. 1.1 ವೋಲ್ಟ್ ದಾಟಿದ್ದೆಲ್ಲ 1023 ಎಂದೇ ಕಾಣುತ್ತದೆ, ಅಂದರೆ 110 ಡಿಗ್ರಿಯ ಆಚೆಗೆ ಕುರುಡು. ಚಾಕಿ ಮನೆಗೆ ಅದು ಧಾರಾಳ. ಥರ್ಮಿಸ್ಟರಿನದು ಬೇರೆ ಕಥೆ. ಅದು ಅದೇ 5 ವೋಲ್ಟ್ ಸಪ್ಲೈಯಿಂದ ರೆಸಿಸ್ಟರಿನ ಜೊತೆ ವೋಲ್ಟೇಜ್ ಹಂಚಿಕೊಳ್ಳುತ್ತದೆ. ಸಪ್ಲೈ ಇಳಿದರೆ ಸೆನ್ಸರಿನ ವೋಲ್ಟೇಜೂ ಕಲ್ಲುಗಳೂ ಒಟ್ಟಿಗೇ ಇಳಿಯುವುದರಿಂದ ಅಲ್ಲಿ ಸಪ್ಲೈಯೇ ಸರಿಯಾದ ರೆಫರೆನ್ಸ್.

ಇನ್ನೂ ಹೆಚ್ಚು ಬಿಟ್‌ಗಳ ಎಡಿಸಿ ಕೊಳ್ಳಲೇ ಎಂದು ಕೆಲವರು ಕೇಳುತ್ತಾರೆ. ಈ ಕೆಲಸಕ್ಕೆ ಬೇಡ. ಎಲ್‌ಎಂ35 ಸೆನ್ಸರೇ ಅರ್ಧ ಡಿಗ್ರಿ ಅತ್ತಿತ್ತ ಇರಬಹುದು. ಮೆಟ್ಟಿಲು ಎಷ್ಟು ಸಣ್ಣದಾದರೂ ಆ ತಪ್ಪು ಹೋಗುವುದಿಲ್ಲ. ದುಡ್ಡು ಹಾಕುವುದಿದ್ದರೆ ಒಂದು ಒಳ್ಳೆಯ ಗಾಜಿನ ಥರ್ಮಾಮೀಟರಿಗೆ ಹಾಕಿ, ಒಂದು ದಿನ ಎರಡನ್ನೂ ಒಂದೇ ತಟ್ಟೆಯ ಬಳಿ ತೂಗುಹಾಕಿ ಹೋಲಿಸಿ ನೋಡಿ.